ಒಂದೇ ರಿಪೋರ್ಟಿನಲ್ಲಿ ಎರಡು 'ಎಚ್': ಕೂಸಿನ ಥೈರಾಯ್ಡ್ ಮಾತ್ರೆ ಇಳಿಸಬೇಕೇ?

"ನಮ್ಮದು ಚಿಂತಾಮಣಿ. ಮಗಳಿಗೆ ಈಗ 26 ದಿನ. ಹುಟ್ಟಿನಿಂದಲೇ ಥೈರಾಯ್ಡ್ ಕೆಲಸ ಮಾಡ್ತಿಲ್ಲ ಅಂತ 12ನೇ ದಿನದಿಂದ ದಿನಾ 37.5 ಮೈಕ್ರೋಗ್ರಾಂ ಲೆವೋಥೈರಾಕ್ಸಿನ್ ಕೊಡ್ತಿದ್ದೀವಿ. ಆಗ ಟಿಎಸ್‌ಎಚ್ 100ರ ಮೇಲಿತ್ತು, ಫ್ರೀ ಟಿ4 0.4, ತೂಕ 3 ಕೆಜಿ. ಈಗ ಟಿಎಸ್‌ಎಚ್ 31, ಫ್ರೀ ಟಿ4 1.9, ತೂಕ 3.4 ಕೆಜಿ. ಎರಡರ ಮುಂದೂ 'ಎಚ್' ಅಂತಿದೆ. ಡಾಕ್ಟರು ಇದೇ ಡೋಸ್ ಇರಲಿ ಅಂದ್ರು, ಲ್ಯಾಬಿನವರು ಹಾರ್ಮೋನ್ ಜಾಸ್ತಿ ಆಗಿದೆ ಅಂತಾರೆ. ಅರ್ಧ ಮಾತ್ರೆ ಕಮ್ಮಿ ಮಾಡ್ಬೇಕಾ?"

ಬೇಡ. ಕಮ್ಮಿ ಮಾಡಬೇಡಿ, ನೀವಾಗಿಯೇ ಜಾಸ್ತಿಯೂ ಮಾಡಬೇಡಿ. ನಿಮ್ಮ ಡಾಕ್ಟರು ಹೇಳಿದ್ದೇ ಸರಿ. ನೀವು ಬರೆದಿರುವ ಅಂಕಿಗಳ ಪ್ರಕಾರ ಔಷಧಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.

ಮೊದಲು ಫ್ರೀ ಟಿ4 ಪಕ್ಕದ 'ಎಚ್' ನೋಡೋಣ. ಫ್ರೀ ಟಿ4 ಎಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್, 'ಎಚ್' ಎಂದರೆ ಹೈ, ಮಿತಿಗಿಂತ ಜಾಸ್ತಿ. ಆ ಅಕ್ಷರವನ್ನು ಹಾಕುವುದು ಕಂಪ್ಯೂಟರು. ರಿಪೋರ್ಟಿನ ಬಲಗಡೆ ಅಚ್ಚಾಗಿರುವ ಮಿತಿಗೆ ಹೋಲಿಸಿ ಹಾಕುತ್ತದೆ, ಆ ಮಿತಿ ಬಹಳ ಸಲ ದೊಡ್ಡವರದು: ಸುಮಾರು 0.9ರಿಂದ 1.7. ತಿಂಗಳು ತುಂಬದ ಕೂಸಿನಲ್ಲಿ ಫ್ರೀ ಟಿ4 ಸಹಜವಾಗಿಯೇ ಅದಕ್ಕಿಂತ ಮೇಲಿರುತ್ತದೆ, 2ರ ಆಸುಪಾಸು ಬಂದರೆ ಗಾಬರಿಯಿಲ್ಲ. ಅಷ್ಟೇ ಅಲ್ಲ, ಚಿಕಿತ್ಸೆಯಲ್ಲಿರುವ ಮಗುವಿಗೆ ಫ್ರೀ ಟಿ4 ಆ ವಯಸ್ಸಿನ ಸಹಜ ಮಿತಿಯ ಮೇಲಿನ ಅರ್ಧದಲ್ಲೇ ಇರಬೇಕು ಎಂಬುದು ನಮ್ಮ ಗುರಿ. 0.4ರಿಂದ ಎರಡೇ ವಾರದಲ್ಲಿ 1.9ಕ್ಕೆ ಬಂದಿದೆ ಎಂದರೆ ಅದೇ ಬೇಕಾಗಿದ್ದದ್ದು.

ಹಾಗಾದರೆ ಟಿಎಸ್‌ಎಚ್ ಇನ್ನೂ 31 ಯಾಕೆ? ಟಿಎಸ್‌ಎಚ್ ಥೈರಾಯ್ಡಿನಿಂದ ಬರುವುದಲ್ಲ, ಥೈರಾಯ್ಡನ್ನು ದುಡಿಸಲು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಬಿಡುತ್ತದೆ. ಹೊಟ್ಟೆಯಲ್ಲಿದ್ದಾಗಿನಿಂದ ಹಾರ್ಮೋನ್ ಸಾಲದೆ ಅದು ವಿಪರೀತ ಕೆಲಸಕ್ಕೆ ಒಗ್ಗಿಹೋಗಿರುತ್ತದೆ. ರಕ್ತದಲ್ಲಿ ಹಾರ್ಮೋನ್ ತುಂಬಿದ ತಕ್ಷಣ ಅದು ಸುಮ್ಮನಾಗುವುದಿಲ್ಲ. ಸರಿಯಾದ ಡೋಸ್ ಸಿಕ್ಕರೆ ಫ್ರೀ ಟಿ4 ಸುಮಾರು ಎರಡು ವಾರದಲ್ಲಿ ದಾರಿಗೆ ಬರುತ್ತದೆ, ಟಿಎಸ್‌ಎಚ್‌ಗೆ ನಾಲ್ಕು ವಾರ ಬೇಕು. ನಿಮ್ಮದು ಎರಡನೇ ವಾರದ ರಿಪೋರ್ಟು. 100ರ ಮೇಲಿಂದ 31ಕ್ಕೆ ಇಳಿದಿದೆ, ಇಳಿಯುತ್ತಲೇ ಇದೆ. ಒಂದು ಅಂಕಿ ನೋಡಿ ಇಳಿಸುವುದು, ಇನ್ನೊಂದು ನೋಡಿ ಏರಿಸುವುದು, ಎರಡೂ ಈಗ ತಪ್ಪು.

ಡೋಸ್ ಲೆಕ್ಕವೂ ಸರಿಯಿದೆ. ಶುರುವಿನಲ್ಲಿ ಕೆಜಿಗೆ ದಿನಕ್ಕೆ 10ರಿಂದ 15 ಮೈಕ್ರೋಗ್ರಾಂ ಕೊಡುತ್ತಾರೆ. 3 ಕೆಜಿಗೆ 37.5 ಎಂದರೆ ಕೆಜಿಗೆ 12.5. ಈಗ 3.4 ಕೆಜಿಗೆ ಅದೇ ಮಾತ್ರೆ ಕೆಜಿಗೆ 11 ಆಗಿದೆ. 25ರ ಒಂದೂವರೆ ಮಾತ್ರೆಯಲ್ಲಿ ಅರ್ಧ ಮಾತ್ರೆ ತೆಗೆದರೆ 25 ಉಳಿಯುತ್ತದೆ, ಅಂದರೆ ಕೆಜಿಗೆ 7ರ ಚಿಲ್ಲರೆ. ಈ ವಯಸ್ಸಿಗೆ ಅದು ಸಾಲದು. ಮಿದುಳು ಅತಿ ವೇಗವಾಗಿ ಬೆಳೆಯುವ ತಿಂಗಳುಗಳಿವು, ಈಗ ಕೊರತೆ ಮಾಡಿದರೆ ಆಮೇಲೆ ಎಷ್ಟು ಕೊಟ್ಟರೂ ಅದು ಪೂರ್ತಿ ತುಂಬಿಬರುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಂದು ಮಾತು ಕೇಳಬೇಕು: ಆ ದಿನ ಮಾತ್ರೆ ಕೊಟ್ಟ ಮೇಲೆ ರಕ್ತ ತೆಗೆದರಾ? ಕೊಟ್ಟ ಒಂದೆರಡು ಗಂಟೆಯೊಳಗೆ ತೆಗೆದರೆ ಫ್ರೀ ಟಿ4 ಇರುವುದಕ್ಕಿಂತ ಮೇಲೆ ತೋರಿಸುತ್ತದೆ. ಮುಂದಿನ ಸಲ ಮಾತ್ರೆ ಜೊತೆಯಲ್ಲಿ ತೆಗೆದುಕೊಂಡು ಹೋಗಿ, ರಕ್ತ ತೆಗೆದ ಮೇಲೆ ಅಲ್ಲೇ ಕೊಡಿ. ಆಗದಿದ್ದರೆ ಕನಿಷ್ಠ 4 ಗಂಟೆ ಅಂತರ ಇರಲಿ. ಸಾಧ್ಯವಾದಷ್ಟೂ ಅದೇ ಲ್ಯಾಬಿಗೆ ಹೋಗಿ. ಚಿಂತಾಮಣಿಯಲ್ಲಿ ಒಂದು ಸಲ, ಕೋಲಾರದಲ್ಲಿ ಒಂದು ಸಲ ಮಾಡಿಸಿದರೆ ಅಳತೆಯ ಮಾನವೇ ಬೇರೆ ಇರಬಹುದು. ನಿಮ್ಮ ಇದೇ 1.9 (ng/dL) ಇನ್ನೊಂದು ಕಡೆ ಸುಮಾರು 24.5 (pmol/L) ಅಂತ ಬರುತ್ತದೆ. ಎರಡೂ ಒಂದೇ.

ಮುಂದಿನ ರಕ್ತಪರೀಕ್ಷೆ ಇನ್ನೆರಡು ವಾರದೊಳಗೆ. ಟಿಎಸ್‌ಎಚ್ ಸಹಜಕ್ಕೆ ಬರುವ ತನಕ ಒಂದೆರಡು ವಾರಕ್ಕೊಮ್ಮೆ, ಬಂದ ಮೇಲೆ ಆರು ತಿಂಗಳ ತನಕ ಒಂದೆರಡು ತಿಂಗಳಿಗೊಮ್ಮೆ, ವರ್ಷ ತುಂಬುವ ತನಕ ಎರಡು ಮೂರು ತಿಂಗಳಿಗೊಮ್ಮೆ ನೋಡುತ್ತಾರೆ. ನಡುವೆ ಡೋಸ್ ಬದಲಾದರೆ 4ರಿಂದ 6 ವಾರದಲ್ಲಿ ಮತ್ತೆ ನೋಡಲೇಬೇಕು.

ನಾಲ್ಕು ವಾರವಾದರೂ ಟಿಎಸ್‌ಎಚ್ ಇಳಿಯದೆ ನಿಂತರೆ, ಡೋಸ್ ಏರಿಸುವ ಮೊದಲು ಮಾತ್ರೆ ಮಗುವಿನ ಹೊಟ್ಟೆ ಸೇರುತ್ತಿದೆಯೇ ಎಂದು ನೋಡಬೇಕು. ಅತಿ ಹೆಚ್ಚು ಎಡವುವುದು ಇಲ್ಲೇ. ಸರಿಯಾದ ಕ್ರಮ ಹೀಗೆ: 25ರ ಒಂದೂವರೆ ಮಾತ್ರೆಯನ್ನು ಒಣಗಿದ ಸ್ಟೀಲ್ ಚಮಚದಲ್ಲಿಟ್ಟು, ಮೇಲೆ ಇನ್ನೊಂದು ಚಮಚ ಒತ್ತಿ ನುಣ್ಣಗೆ ಪುಡಿ ಮಾಡಿ. ಅದಕ್ಕೆ ಒಂದೆರಡು ಎಂಎಲ್ ತಾಯಿಹಾಲನ್ನೋ ಕಾಯಿಸಿ ಆರಿಸಿದ ನೀರನ್ನೋ ಹಾಕಿ ಕಲಸಿ, ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವೇ ಬಿಡಿ. ಈಗ ಚಮಚವನ್ನು ಬೆಳಕಿಗೆ ಹಿಡಿದು ನೋಡಿ, ಅಂಚಿನಲ್ಲಿ ಬೆಳ್ಳಗೆ ಅಂಟಿಕೊಂಡಿರುತ್ತದೆ. ಅದೂ ಡೋಸಿನ ಪಾಲೇ. ಇನ್ನೊಂದು ನಾಲ್ಕು ಹನಿ ಹಾಕಿ ತೊಳೆದು ಅದನ್ನೂ ಕುಡಿಸಿ. ಬಜೆ ತೇಯುವ ಸಾಣೆಕಲ್ಲಿನಲ್ಲಿ ಮಾತ್ರೆ ಅರೆದರೆ ಎಷ್ಟೋ ಪಾಲು ಕಲ್ಲಿನಲ್ಲೇ ಉಳಿಯುತ್ತದೆ. ಒಳಲೆ ತುಂಬ ಹಾಲಿಗೆ ಬೆರೆಸಿದರೂ ತೊಂದರೆ, ಮಗು ಅರ್ಧ ಕುಡಿದು ಮಲಗಿದರೆ ಡೋಸೂ ಅರ್ಧವೇ. ರಾತ್ರಿಯೇ ಕಲಸಿಟ್ಟು ಬೆಳಿಗ್ಗೆ ಕೊಡುವುದೂ ಬೇಡ, ಕಲಸಿದ ಕೂಡಲೇ ಕೊಡಿ. ಎದೆಹಾಲಿಗೆ ಯಾವ ಅಡ್ಡಿಯೂ ಇಲ್ಲ.

ಕ್ಯಾಲ್ಸಿಯಂ ಸಿರಪ್ ಮತ್ತು ಕಬ್ಬಿಣದ ಡ್ರಾಪ್ಸ್ ಈ ಔಷಧಿಯನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. 4 ಗಂಟೆ ಅಂತರ ಬೇಕು. ಆರು ತಿಂಗಳಿಗೆ ರಾಗಿ ಸರಿ ಶುರು ಮಾಡುತ್ತೀರಲ್ಲ, ರಾಗಿಯಲ್ಲೂ ಸುಣ್ಣದಂಶ ಜಾಸ್ತಿ. ಹಾಗಾಗಿ ಮಾತ್ರೆಯನ್ನು ಅದರಲ್ಲಿ ಬೆರೆಸಬೇಡಿ, ಬೆಳಗಿನ ಜಾವ ಕೊಟ್ಟುಬಿಟ್ಟು ಸರಿಯನ್ನು ಆಮೇಲೆ ತಿನ್ನಿಸಿ.

ಏರಿಸುವ ಕಾಲವೂ ಬರುತ್ತದೆ, ಆಗ ಹೆದರಬೇಡಿ. ನಾಲ್ಕು ತಿಂಗಳಿಗೆ ಮಗು 6.2 ಕೆಜಿ ಆಯಿತೆಂದಿಟ್ಟುಕೊಳ್ಳಿ. ಅದೇ 37.5 ಈಗ ಕೆಜಿಗೆ 6 ಮಾತ್ರ. ಟಿಎಸ್‌ಎಚ್ 11, ಫ್ರೀ ಟಿ4 1.1 ಬಂತು, ಕೊಡುವ ಕ್ರಮದಲ್ಲಿ ತಪ್ಪಿಲ್ಲ. ಕಾಯಿಲೆ ಉಲ್ಬಣಿಸಿದೆ ಎಂದು ಇದರರ್ಥವಲ್ಲ, ಮಗು ಬೆಳೆದು ಡೋಸ್ ಗಿಡ್ಡವಾಗಿದೆ. ಆಗ 50ಕ್ಕೆ ಏರಿಸಿದರೆ ಕೆಜಿಗೆ 8 ಆಗುತ್ತದೆ, ಆ ವಯಸ್ಸಿಗೆ ಹೊಂದುತ್ತದೆ. 50 ತುಸು ಹೆಚ್ಚೆನಿಸಿದರೆ ಒಂದು ದಿನ 37.5, ಮರುದಿನ 50 ಎಂದು ಡಾಕ್ಟರು ಬರೆದುಕೊಡಬಹುದು. ಈ ಹಾರ್ಮೋನ್ ರಕ್ತದಲ್ಲಿ ಹಲವು ದಿನ ನಿಲ್ಲುವುದರಿಂದ ಅದು ಸರಿಯಾಗಿಯೇ ನಡೆಯುತ್ತದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಸಾಕು.

ಇಳಿಸಬೇಕಾದ ಸಂದರ್ಭದ ಚಿತ್ರ ಬೇರೆ. ಟಿಎಸ್‌ಎಚ್ ಸಹಜ ಮಿತಿಗಿಂತ ಕೆಳಗೆ ಕುಸಿದು ಫ್ರೀ ಟಿ4 ಮೇಲೆಯೇ ಇರುತ್ತದೆ. ಜೊತೆಗೆ ಮಗು ಸರಿಯಾಗಿ ನಿದ್ದೆ ಮಾಡದೆ ರಚ್ಚೆ ಹಿಡಿಯುವುದು, ಬೆವರುವುದು, ಪದೇಪದೇ ಭೇದಿ, ಚೆನ್ನಾಗಿ ಕುಡಿದರೂ ತೂಕ ಏರದಿರುವುದು, ಎದೆ ಡವಡವ ಹೊಡೆದುಕೊಳ್ಳುವುದು. ಇಂಥದ್ದು ಕಂಡರೆ ಮುಂದಿನ ತಾರೀಖಿನ ತನಕ ಕಾಯದೆ ತೋರಿಸಿ. ಹೆಚ್ಚಿನ ಡೋಸ್ ಬಹುಕಾಲ ಮುಂದುವರಿದರೆ ತಲೆಬುರುಡೆಯ ಮೂಳೆಗಳು ಬೇಗ ಬೆಸೆದುಕೊಳ್ಳುವ ಅಪಾಯವಿದೆ. ಆಗಲೂ ಔಷಧಿ ನಿಲ್ಲಿಸುವುದಲ್ಲ, ಸ್ವಲ್ಪ ಇಳಿಸುವುದು ಅಷ್ಟೇ.

ಕೆಲವು ತಿಂಗಳು ಕಳೆದ ಮೇಲೆ ಟಿಎಸ್‌ಎಚ್ 2 ಬಂತು, "ನಾರ್ಮಲ್ ಆಯ್ತಲ್ಲ, ಮಾತ್ರೆ ಯಾಕೆ" ಎಂದು ಮನೆಯಲ್ಲಿ ಯಾರಾದರೂ ಕೇಳುತ್ತಾರೆ. ನಾರ್ಮಲ್ ಆಗಿರುವುದು ಮಾತ್ರೆಯಿಂದ. ಥೈರಾಯ್ಡ್ ಗ್ರಂಥಿ ಇದೆಯೇ ಇಲ್ಲವೇ ಎಂದು ಸ್ಕ್ಯಾನಿನಲ್ಲಿ ಏನು ಬರೆದಿದ್ದಾರೆ ನೋಡಿ. ಗ್ರಂಥಿಯೇ ಇಲ್ಲದಿದ್ದರೆ ಮಾತ್ರೆ ಜೀವನಪೂರ್ತಿ. ಇದ್ದರೆ, ಮೂರು ವರ್ಷ ತುಂಬಿದ ಮೇಲೆ ಡಾಕ್ಟರು ಸುಮಾರು ನಾಲ್ಕು ವಾರ ನಿಲ್ಲಿಸಿ ಪರೀಕ್ಷೆ ಮಾಡಿ ತೀರ್ಮಾನಿಸುತ್ತಾರೆ. ಅಲ್ಲಿಯ ತನಕ ಒಂದು ದಿನವೂ ಬಿಡಬೇಡಿ. ಬೆಳಿಗ್ಗೆ ಮರೆತರೆ ಅದೇ ದಿನ ನೆನಪಾದಾಗ ಕೊಡಿ.