ಸಿಪ್ಪೆ ಇವತ್ತೇ ತೆಗೆಯಿರಿ, ಬಣ್ಣಕ್ಕೆ ಕಾಯಬೇಡಿ

"ಹಿರಿಯೂರಿಂದ ತಂದ ಬೀಜದ ಬಿಳಿ ದ್ರಾಕ್ಷಿ, 10 ಕೆಜಿ. ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಸಿಪ್ಪೆ ಸಮೇತ ಡ್ರಮ್ಮಿಗೆ ಹಾಕಿದೆ. ಇವತ್ತಿಗೆ 9 ದಿನ. ಬಾಯಿ ಒಗರು ಹಿಡಿಯುತ್ತಿದೆ, ಆದರೆ ಕಿತ್ತಳೆ ಬಣ್ಣ ಬಂದಿಲ್ಲ. ಆರೆಂಜ್ ವೈನಿಗೆ ಒಂದು ತಿಂಗಳು ಬಿಡಬೇಕಂತೆ. ಬಿಡಲಾ?"

ಗುಂಪಿನಲ್ಲಿ ಹೀಗೆ ಕೇಳಿದವರಿಗೆ ನನ್ನ ಉತ್ತರ: ಬಿಡಬೇಡಿ ಸರ್. ಬಿಳಿ ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹುದುಗಿಸಿದ್ದೇ ಆರೆಂಜ್ ವೈನ್, ನಿಜ. ಆದರೆ ನೀವು ಇವತ್ತು ಸಂಜೆಯೇ ಸೋಸಿ. ಮಿಕ್ಸಿ ಅಂತ ಓದಿದ ಕೂಡಲೇ ಬರೆಯಲು ಕೂತೆ, ಯಾಕಂದ್ರೆ ನಾನೂ ಮೊದಲ ಸಲ ಅದನ್ನೇ ಮಾಡಿದ್ದೆ. ದಾವಣಗೆರೆಯ ಏಪ್ರಿಲ್ ಬಿಸಿಲು, ಮಹಡಿ ಮೇಲಿನ ರೂಮು, ಅಗಲ ಬಾಯಿಯ ಪ್ಲಾಸ್ಟಿಕ್ ಡ್ರಮ್ಮು, 22 ದಿನ. ಬಣ್ಣ ಬರಲಿ ಅಂತ ಕಾದೆ. ಕೊನೆಗೆ ಬಟ್ಟೆಯಲ್ಲಿ ಕಟ್ಟಿ, ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಹಿಂಡಿದೆ. ಬಂದದ್ದು ಹಸಿ ಬಾಳೆಕಾಯಿ ಕಚ್ಚಿದ ಹಾಗೆ. ನಾಲಿಗೆ ಅಂಟಿಕೊಂಡಿತು, ಗಂಟಲಲ್ಲಿ ಕಹಿ ಉಳಿಯಿತು. ಆರು ಲೀಟರ್ ಚೆಲ್ಲಿದೆ.

ಒಗರು ಬೇರೆ, ಕಹಿ ಬೇರೆ. ನಮ್ಮ ಚನ್ನಗಿರಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಡಿಕೆ ಬೇಯಿಸಿದ ಚೊಗರನ್ನು ನಾಲಿಗೆಗೆ ಮುಟ್ಟಿಸಿದರೆ ಏನಾಗುತ್ತೆ? ಒಸಡು ಬಿಗಿಯುತ್ತೆ, ಬಾಯಿ ಒಣಗುತ್ತೆ. ದ್ರಾಕ್ಷಿ ಸಿಪ್ಪೆಯಲ್ಲಿರುವುದೂ ಅದೇ ಜಾತಿಯ ಟ್ಯಾನಿನ್. ಅದು ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತೆ, ಬಾಯಿಯ ಜಾರು ಹೋಗುತ್ತೆ. ಸ್ವಲ್ಪ ಇದ್ದರೆ ವೈನಿಗೆ ಮೈ ಬರುತ್ತೆ, ಹಲ್ಲಿಗೆ ಸಿಗುವಂತಾಗುತ್ತೆ. ಮಾಮೂಲಿ ವೈಟ್ ವೈನಿನಲ್ಲಿ ಹಿಂಡಿದ ರಸವನ್ನಷ್ಟೇ ಹುದುಗಿಸುತ್ತಾರೆ, ಅದಕ್ಕೇ ಅದು ನೀರಿನ ಹಾಗೆ ಜಾರುತ್ತೆ. ಆರೆಂಜ್ ವೈನಿನ ವ್ಯತ್ಯಾಸವೆಲ್ಲ ಈ ಹಿಡಿತದಲ್ಲೇ ಇದೆ, ಬಣ್ಣದಲ್ಲಲ್ಲ. ಕಹಿ ಹೆಚ್ಚಾಗಿ ಬೀಜದ್ದು. ಬೀಜದ ಮೇಲೆ ಒಂದು ಪದರ ಇರುತ್ತೆ, ಆಲ್ಕೋಹಾಲ್ ಏರಿದ ಮೇಲೆ ಅದು ನಿಧಾನವಾಗಿ ಬಿಡುತ್ತೆ. ಮಿಕ್ಸಿ ಬ್ಲೇಡು ಬೀಜವನ್ನು ಸೀಳಿದರೆ ಆ ನಿಧಾನವೇ ಇಲ್ಲ, ಒಳಗಿನದೆಲ್ಲ ನೇರ ರಸಕ್ಕೆ ಬರುತ್ತೆ. ಅದನ್ನು ಯಾವ ಯೀಸ್ಟೂ ಸರಿ ಮಾಡಲ್ಲ.

ಗುಂಪಿನಲ್ಲಿ ಇನ್ನೊಬ್ಬರು "ಜಾರ್ಜಿಯಾದಲ್ಲಿ ಆರು ತಿಂಗಳು ಬಿಡ್ತಾರೆ, ನೀವೂ ಬಿಡಿ" ಅಂದಿದ್ದಾರೆ. ಆರು ತಿಂಗಳ ಮಾತು ನಿಜ. ಅಲ್ಲಿನ ಕಾಖೇಟಿ ಕಡೆ ಸಿಪ್ಪೆ, ಬೀಜ ಎಲ್ಲ ಸೇರಿಸಿ ಕ್ವೆವ್ರಿ ಅನ್ನುವ ಮಣ್ಣಿನ ಹಂಡೆಯಲ್ಲಿ ಬಿಡುತ್ತಾರೆ. ಆದರೆ ಆ ಹಂಡೆ ನೆಲದಲ್ಲಿ ಕತ್ತಿನವರೆಗೆ ಹೂತಿರುತ್ತೆ, ಒಳಗೆ ತಂಪು. ತಳ ಚೂಪು. ಬೀಜ ಮೊದಲು ಇಳಿದು ಆ ಮೂಲೆಯಲ್ಲಿ ಕೂರುತ್ತೆ, ಮೇಲೆ ಗಸಿ ಮುಚ್ಚಿಕೊಳ್ಳುತ್ತೆ, ವೈನಿಗೂ ಬೀಜಕ್ಕೂ ಸಂಪರ್ಕ ಕಡಿಮೆಯಾಗುತ್ತೆ. ಹಣ್ಣೂ ಬೀಜ ಕಂದು ತಿರುಗುವಷ್ಟು ಮಾಗಿದ ವೈನ್ ತಳಿಯದು, ರ್ಕಾಟ್ಸಿಟೆಲಿ ತರಹದ್ದು. ಇಟಲಿಯ ಓಸ್ಲಾವಿಯಾದಲ್ಲಿ ವೈನ್ ಮಾಡುವ ಯೋಸ್ಕೊ ಗ್ರಾವ್ನರ್ 2000ದಲ್ಲಿ ಜಾರ್ಜಿಯಾಕ್ಕೆ ಹೋಗಿ ನೋಡಿಬಂದು, 2001ರಿಂದ ಇದೇ ಹಂಡೆಯಲ್ಲಿ ಮಾಡತೊಡಗಿದರು. ಅವರದೂ ತಿಂಗಳುಗಟ್ಟಲೆ. ನಮ್ಮ ಚಪ್ಪಟೆ ತಳದ ಡ್ರಮ್ಮು, 38 ಡಿಗ್ರಿ ಬಿಸಿಲು, ಸೀಳಿದ ಬೀಜ, ಇದಕ್ಕೆ ಆ ಲೆಕ್ಕ ಹಾಕಬೇಡಿ.

ನೀವು ಹೇಳಿದ ಒಂದು ತಿಂಗಳು ಓಐವಿ ಅನ್ನುವ ಅಂತರರಾಷ್ಟ್ರೀಯ ವೈನ್ ಸಂಸ್ಥೆಯ ನಿಯಮದಿಂದ ಬಂದಿರಬೇಕು. 2020ರಲ್ಲಿ ಅವರು ಸಿಪ್ಪೆಯೊಂದಿಗೆ ನೆನೆಸಿದ ಬಿಳಿ ವೈನಿಗೆ ಕನಿಷ್ಠ ಒಂದು ತಿಂಗಳು ಅಂತ ಬರೆದರು. ಅದು ವೈನನ್ನು ಏನಂತ ಕರೆಯಬೇಕು ಅನ್ನುವ ಮಾತು. ನಿಮ್ಮ ಡ್ರಮ್ಮಿನ ರುಚಿಗೂ ಅದಕ್ಕೂ ಸಂಬಂಧ ಇಲ್ಲ.

ಕಿತ್ತಳೆ ರಸ ಎಷ್ಟು ಹಾಕಬೇಕು ಅಂತ ಕೇಳಿದ ಅಕ್ಕನಿಗೆ: ಹಾಕುವುದೇ ಬೇಡ. ಇದರಲ್ಲಿ ಕಿತ್ತಳೆ ಹಣ್ಣಿಲ್ಲ. ಬಣ್ಣ ಬರುವುದು ಸಿಪ್ಪೆಯಿಂದ ಇಳಿದ ಅಂಶಗಳಿಗೆ ಗಾಳಿ ತಾಗಿ, ಕತ್ತರಿಸಿದ ಸೇಬು ಕಂದಾಗುವ ಹಾಗೆ. ಜಾರ್ಜಿಯಾದವರು ಇದನ್ನು ಅಂಬರ್ ಅಂತಲೇ ಕರೆಯುತ್ತಾರೆ. ಬಣ್ಣಕ್ಕೋಸ್ಕರ ಸಿಪ್ಪೆ ಬಿಟ್ಟರೆ ಗಾಳಿಯೂ ಜಾಸ್ತಿ ಹೋಗಿ ಹುಳಿ ಹಿಡಿಯುತ್ತೆ.

ಎರಡನೇ ಸಲ ನಾನು ಮಾಡಿದ್ದು ಹೀಗೆ. ಥಾಮ್ಸನ್ ಅನ್ನುವ ಬೀಜವಿಲ್ಲದ ದ್ರಾಕ್ಷಿ 12 ಕೆಜಿ ತಗೊಂಡೆ. ತೊಟ್ಟು ಬಿಡಿಸಿ, ಕೈಯಲ್ಲೇ ಒಡೆದೆ. ಸಿಹಿ 18 ಬ್ರಿಕ್ಸ್ ಇತ್ತು. ಲೀಟರಿಗೆ 30 ಗ್ರಾಂ ಸಕ್ಕರೆ, 1 ಗ್ರಾಂ ಟಾರ್ಟಾರಿಕ್ ಆಮ್ಲ ಹಾಕಿದೆ. ಸಿಪ್ಪೆಯಿಂದ ಪೊಟ್ಯಾಸಿಯಂ ಇಳಿದು ಹುಳಿ ಕಮ್ಮಿಯಾಗುತ್ತೆ, ಅದಕ್ಕೆ ಈ ಆಮ್ಲ. ಮೂರು ಭರಣಿಗೆ ಸಮ ಹಂಚಿ, ಒಂದರ ಸಿಪ್ಪೆ 1 ದಿನಕ್ಕೆ, ಇನ್ನೊಂದರದು 5 ದಿನಕ್ಕೆ, ಮೂರನೆಯದು 12 ದಿನಕ್ಕೆ ತೆಗೆದೆ. ಮೊದಲನೆಯದು ಹೂವಿನ ವಾಸನೆ, ಆದರೆ ತೆಳ್ಳಗೆ. ಐದು ದಿನದ್ದು ನಾಲಿಗೆ ಮೇಲೆ ತೂಕವಾಗಿ ನಿಂತಿತು, ಒಸಡಿಗೆ ಸ್ವಲ್ಪ ಹಿಡಿತ. ಹನ್ನೆರಡು ದಿನದ್ದು ಆಗ ಕುಡಿಯಲಾಗಲಿಲ್ಲ. ನಾಲ್ಕು ತಿಂಗಳ ಮೇಲೆ ಸ್ವಲ್ಪ ಮೆದುವಾಯಿತು, ಆದರೂ ನನಗೆ ಐದೇ ಇಷ್ಟ. "ಸೀಡ್‌ಲೆಸ್‌ನಲ್ಲಿ ಟ್ಯಾನಿನ್ನೇ ಇಲ್ಲ" ಅಂದ ಅಣ್ಣನಿಗೂ ಇದೇ ಉತ್ತರ. ಬೀಜದ ಕಹಿ ಇಲ್ಲ, ಸಿಪ್ಪೆಯ ಒಗರು ಇದೆ.

ರುಚಿ ನೋಡುವುದರಲ್ಲೂ ಮೋಸ ಹೋಗುತ್ತೇವೆ. ಹುದುಗುವಾಗ ಉಳಿದ ಸಿಹಿ ಒಗರನ್ನು ಮುಚ್ಚಿಡುತ್ತೆ. ಗ್ಯಾಸ್ ಅದನ್ನು ಚುಚ್ಚುವ ಹಾಗೆ ಮಾಡುತ್ತೆ. ಒಂದು ಲೋಟ ತೆಗೆದು, ಚಮಚದಲ್ಲಿ ಚೆನ್ನಾಗಿ ಕಲಕಿ, ಗ್ಯಾಸ್ ಬಿಡಿಸಿ, ಆಮೇಲೆ ಒಸಡಿಗೆ ಹರಡಿ ನುಂಗಿ. ಒಣಗಿದ ಅನುಭವ ತುಸು ಹೊತ್ತಿನಲ್ಲಿ ಹೋದರೆ ಇನ್ನೊಂದು ದಿನ ಬಿಡಬಹುದು. ಹೋಗದೇ ನಿಂತರೆ ತೆಗೆಯಿರಿ. ನಿಮ್ಮದು ಈಗಾಗಲೇ ನಿಂತಿದೆ ಅನಿಸುತ್ತೆ.

ಸೋಸುವಾಗ ತಾನಾಗಿ ಇಳಿದ ವೈನ್ ಒಂದು ಭರಣಿಗೆ. ಹಿಂಡಿದ್ದು ಬೇರೆ ಭರಣಿಗೆ, ಅದೂ ಕೈಯಲ್ಲಿ ಮೆತ್ತಗೆ. ಎರಡನ್ನೂ ಕೂಡಿಸಬೇಡಿ, ಒರಟೆಲ್ಲ ಹಿಂಡಿದ್ದರಲ್ಲೇ ಇರುತ್ತೆ. ಭರಣಿ ಕತ್ತಿನವರೆಗೆ ತುಂಬಿರಲಿ, ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಏರ್‌ಲಾಕ್ ಹಾಕಿ. ಒದ್ದೆ ಗೋಣಿ ಸುತ್ತಿ ನೀರಿನ ಟಬ್ಬಿನಲ್ಲಿಡಿ. ಹುದುಗು ನಿಂತ ಮೇಲೆ ವೈನ್ ಕೆಡದಿರಲು ಐದು ಲೀಟರಿಗೆ ಅರ್ಧ ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಸಾಕು, ಕಣ್ಣಂದಾಜು ಬೇಡ, ತೂಕ ಮಾಡಿ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಮೊದಲೇ ಹೇಳಿಬಿಡಿ. ಎರಡು ತಿಂಗಳಾದರೂ ಒಗರು ಹಾಗೇ ಇದ್ದರೆ ಮೊಟ್ಟೆಯ ಬಿಳಿ, ಐದು ಲೀಟರಿಗೆ ಅರ್ಧ ಟೀ ಚಮಚ, ಚಿಟಿಕೆ ಉಪ್ಪಿನ ನೀರಿನಲ್ಲಿ ಕಲಸಿ. ಮೊದಲು ಒಂದು ಲೋಟದಲ್ಲಿ ಪರೀಕ್ಷೆ ಮಾಡಿ. ಒಗರು ಇಳಿಯುತ್ತೆ, ಬೀಜದ ಕಹಿ ಪೂರ್ತಿ ಹೋಗಲ್ಲ. ನಿಮ್ಮದು ಉಳಿಯುತ್ತಾ ಅಂತ ನಾನು ಮಾತು ಕೊಡಲಾರೆ.

ಮುಂದಿನ ಸಲಕ್ಕೆ ಯೀಸ್ಟ್. ಬ್ರೆಡ್ ಯೀಸ್ಟ್ ಹಾಕಿ ಆಮೇಲೆ ವಾಸನೆ ಅಂತ ಗುಂಪಿನಲ್ಲಿ ಬರೆಯಬೇಡಿ ದಯವಿಟ್ಟು. ನಮ್ಮ ಸೆಕೆಗೆ ನಾನು ಲಾಲ್ವಿನ್ ಕೆ1ವಿ-1116 ಅನ್ನುವ ವೈನ್ ಯೀಸ್ಟ್ ಬಳಸುತ್ತೇನೆ, 35 ಡಿಗ್ರಿವರೆಗೆ ತಡೆಯುತ್ತೆ. ಎಲ್ಲರೂ ಹೊಗಳುವ ಇಸಿ-1118 ಬೇರೆ ಕಡೆ ಒಳ್ಳೆಯದೇ, ಆದರೆ 30 ದಾಟಿದ ಮೇಲೆ ನನಗೆ ಅದರ ಮೇಲೆ ನಂಬಿಕೆ ಇಲ್ಲ. ತೇಲುವ ಸಿಪ್ಪೆಯನ್ನು ದಿನಕ್ಕೆ ಮೂರು ಸಲ ಒತ್ತಿ ಮುಳುಗಿಸಿ. ಮೇಲೆ ಒಣಗಿದರೆ ಹಣ್ಣಿನ ನೊಣ ಕೂತು ವಿನೆಗರ್ ಆಗುತ್ತೆ.

ದಾಳಿಂಬೆಗೂ ಸಿಪ್ಪೆ ಹಾಕಬಹುದಾ ಅಂದ ಹೊಸದುರ್ಗದ ಅಣ್ಣಾ, ಖಂಡಿತ ಬೇಡ. ಕಾಳು ಮಾತ್ರ. ಒಳಗಿನ ಬಿಳಿ ತೊಗಟೆಯ ಚೂರೂ ಹೋಗಬಾರದು. ಮಾರುವ ಮಾತೂ ಬೇಡ, ಪರವಾನಗಿ ಬೇಕು.

ಕುಡಿಯುವಾಗ ಫ್ರಿಜ್ಜಿಂದ ನೇರ ಬೇಡ, ತಣ್ಣಗಿದ್ದಷ್ಟೂ ಒಗರು ಜಾಸ್ತಿ. 15 ಡಿಗ್ರಿ ಸಾಕು. ಬೆಣ್ಣೆ ದೋಸೆಗೆ ಹೊಂದುತ್ತೆ, ಬೆಣ್ಣೆ ಒಗರನ್ನು ತಗ್ಗಿಸುತ್ತೆ. ಮಿರ್ಚಿ ಮಂಡಕ್ಕಿ ಜೊತೆ ಬೇಡ, ಖಾರವೂ ಒಗರೂ ಒಟ್ಟಿಗೆ ಉರಿಯುತ್ತೆ.

ಸೋಸಿದ ಮೇಲೆ ಹಿಡಿ ಬೀಜ ತೊಳೆದು, ಬಿಳಿ ತಟ್ಟೆಯಲ್ಲಿ ಹರಡಿ ಫೋಟೋ ಹಾಕಿ. ಎಷ್ಟು ಸೀಳಿವೆ, ಹಸಿರಾ ಕಂದಾ ಅಂತ ನೋಡಿದರೆ ಮುಂದಿನದನ್ನು ಹೇಳಬಹುದು.