ಸ್ಯಾಚುರೇಶನ್ 97 ಇತ್ತು, ಹುಡುಗ ಸೋಲುತ್ತಿದ್ದ

ಪ್ರಶ್ನೆ: ಎಮರ್ಜೆನ್ಸಿಯಲ್ಲಿ ಹೊಸದಾಗಿ ಡ್ಯೂಟಿಗೆ ಸೇರಿದ್ದೇನೆ. ಜೋರು ಆಸ್ತಮಾ ಅಂತ ಬಂದವರಿಗೆ ಮೂರು ಸಲ ನೆಬ್ಯುಲೈಸ್ ಮಾಡಿದರೂ ಉಸಿರಾಟ ಪೂರ್ತಿ ಸರಿಹೋಗಿಲ್ಲ, ಆದರೆ ಸ್ಯಾಚುರೇಶನ್ ಚೆನ್ನಾಗಿದೆ ಅಂದರೆ ಮೆಗ್ನೀಷಿಯಂ ಹಾಕದೆ ಸ್ವಲ್ಪ ಹೊತ್ತು ಕಾಯಬಹುದಾ?

ಕಾಯಬೇಡಿ. ನಾನು ಕಾದಿದ್ದೆ, ಅದೂ ಇದೇ ಕಾರಣಕ್ಕೆ.

ರಾತ್ರಿ ಪಾಳಿ. ಇಪ್ಪತ್ತರ ಆಸುಪಾಸಿನ ಹುಡುಗ, ಜೊತೆಗೆ ಅವನ ಅಕ್ಕ. ನೆಗಡಿಯಿಂದ ಶುರುವಾಗಿ ದಮ್ಮು ಹೆಚ್ಚಿತ್ತು, ಇನ್‌ಹೇಲರ್ ಮತ್ತೆ ಮತ್ತೆ ಎಳೆದುಕೊಂಡರೂ ಬಗ್ಗಿರಲಿಲ್ಲ. ಮಂಚದ ಅಂಚಿಗೆ ಎರಡೂ ಕೈ ಊರಿ ಮುಂದಕ್ಕೆ ಬಾಗಿ ಕೂತಿದ್ದ. ಏನು ಕೇಳಿದರೂ ಒಂದೊಂದೇ ಪದದ ಉತ್ತರ. ಪ್ರತಿ ಉಸಿರಿಗೂ ಕತ್ತಿನ ಸ್ನಾಯು ಸೆಟೆಯುತ್ತಿತ್ತು. ಉಸಿರು ನಿಮಿಷಕ್ಕೆ 36, ನಾಡಿ 132, ಆಕ್ಸಿಜನ್ ಹಾಕುವ ಮೊದಲು ಸ್ಯಾಚುರೇಶನ್ 89. ಸ್ಟೆತ್ ಇಟ್ಟರೆ ಎರಡೂ ಕಡೆ ಸುಯ್‌ಗುಟ್ಟುವ ಸದ್ದು.

ಉಸಿರು 25 ದಾಟಿದರೆ, ನಾಡಿ 110 ದಾಟಿದರೆ, ಒಂದೇ ಉಸಿರಿಗೆ ಒಂದು ವಾಕ್ಯ ಮುಗಿಸಲು ಆಗದಿದ್ದರೆ ಅದು ತೀವ್ರ ಆಸ್ತಮಾ. ಸ್ಯಾಚುರೇಶನ್ 92ಕ್ಕಿಂತ ಕೆಳಗಿದ್ದರೆ ಪ್ರಾಣಾಪಾಯದ ಗುಂಪು. ಅಂದರೆ ಅವನು ಬಾಗಿಲು ದಾಟಿ ಬಂದಾಗಲೇ ಎರಡನೇ ಗುಂಪಿನಲ್ಲಿದ್ದ. ಇದು ನನಗೆ ಗೊತ್ತಿತ್ತು. ಒಂದು ಗಂಟೆಯಲ್ಲಿ ಮರೆತುಬಿಟ್ಟೆ.

ಶುರುವಿನ ಕೆಲಸ ಸರಿಯಾಗಿಯೇ ಆಯಿತು. ಸಾಲ್ಬುಟಮಾಲ್ 5 ಮಿಲಿಗ್ರಾಂ, ಇಪ್ರಾಟ್ರೋಪಿಯಂ 0.5 ಮಿಲಿಗ್ರಾಂ ಸೇರಿಸಿ, ಆಕ್ಸಿಜನ್‌ನಲ್ಲೇ ನೆಬ್ಯುಲೈಸರ್ ಓಡಿಸಿ, 20 ನಿಮಿಷಕ್ಕೊಮ್ಮೆ ಮೂರು ಸಲ. ಮೊದಲ ನೆಬ್ಯುಲೈಸೇಶನ್ ನಡೆಯುತ್ತಿರುವಾಗಲೇ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ರಕ್ತನಾಳಕ್ಕೆ. ಸ್ಟಿರಾಯ್ಡ್ ಕೆಲಸ ಕಾಣಲು ನಾಲ್ಕಾರು ಗಂಟೆ ಬೇಕು, ಹಾಗಾಗಿ ನಿಧಾನವಾಗಿ ಕೊಟ್ಟರಾಯಿತು ಅನ್ನುವವರಿದ್ದಾರೆ. ತಲೆಕೆಳಗಾದ ಲೆಕ್ಕ ಅದು. ತಡವಾಗಿ ಕೆಲಸ ಮಾಡುವ ಔಷಧವನ್ನೇ ಅಲ್ವಾ ಎಲ್ಲಕ್ಕಿಂತ ಬೇಗ ಕೊಡಬೇಕಾದದ್ದು? ನುಂಗಲು ಆಗುವವರಿಗೆ ಪ್ರೆಡ್ನಿಸೊಲೋನ್ 40–50 ಮಿಲಿಗ್ರಾಂ ಬಾಯಲ್ಲಿ ಕೊಟ್ಟರೂ ಅಷ್ಟೇ ಗುಣ. ಈ ಹುಡುಗನಿಗೆ ನುಂಗುವಷ್ಟು ಉಸಿರೂ ಇರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಮಾನಿಟರ್ ಖುಷಿ ಕೊಡುವಂತಿತ್ತು. ಸ್ಯಾಚುರೇಶನ್ 97. ಉಸಿರು 36ರಿಂದ 22ಕ್ಕೆ ಇಳಿದಿತ್ತು. ಎದೆಯ ಸದ್ದು ಬಹಳ ಕಡಿಮೆಯಾಗಿತ್ತು. ಆಗಿನಿಂದ ಒದ್ದಾಡುತ್ತಿದ್ದವನು ಸುಮ್ಮನಾಗಿದ್ದ. ಬ್ಲಡ್ ಗ್ಯಾಸ್ ಮಾಡಿಸಿದೆ. ಪಿಎಚ್ 7.37, ಕಾರ್ಬನ್ ಡೈಆಕ್ಸೈಡ್ 42. ನಾರ್ಮಲ್ ಅಂದರೆ 35ರಿಂದ 45. ಯಂತ್ರ ಒಂದಕ್ಕೂ ಕೆಂಪು ಗುರುತು ಹಾಕಿರಲಿಲ್ಲ.

ಸಿಸ್ಟರ್ ಮೆಗ್ನೀಷಿಯಂ ತಯಾರು ಮಾಡಿಟ್ಟು ಕೇಳಿದರು, "ಡಾಕ್ಟ್ರೇ, ಹಾಕ್ಲಾ?" "ಇರಲಿ ಸಿಸ್ಟರ್, ಸುಧಾರಿಸ್ತಿದಾನೆ, ಸ್ವಲ್ಪ ನೋಡೋಣ" ಅಂದೆ. ಹೊರಗೆ ಹೋಗಿ ಅವನ ಅಕ್ಕನಿಗೂ ಅದನ್ನೇ ಹೇಳಿದೆ.

ಈ ತಪ್ಪನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಪ್ರಶ್ನೆಯೊಳಗೆ ಅದೇ ಕೂತಿದೆ.

ಮೊದಲು ಆ 97. ಅವನು ಆಕ್ಸಿಜನ್ ಮೇಲಿದ್ದ. ಮುಖದ ಮೇಲೆ ಅಷ್ಟು ಆಕ್ಸಿಜನ್ ಸುರಿಯುತ್ತಿದ್ದರೆ, ಶ್ವಾಸಕೋಶದೊಳಗೆ ಗಾಳಿ ಕಡಿಮೆ ಓಡಾಡಿದರೂ ರಕ್ತಕ್ಕೆ ಬೇಕಾದಷ್ಟು ಆಕ್ಸಿಜನ್ ಸಿಗುತ್ತದೆ. ಕಾರ್ಬನ್ ಡೈಆಕ್ಸೈಡ್ ಹಾಗಲ್ಲ. ಗಾಳಿ ನಿಜಕ್ಕೂ ಒಳಹೊರಗೆ ಹೋದರೆ ಮಾತ್ರ ಅದು ಹೊರಬೀಳುತ್ತದೆ. ಬೆರಳಿಗೆ ಹಾಕುವ ಕ್ಲಿಪ್ ಇದನ್ನು ಅಳೆಯುವುದೇ ಇಲ್ಲ. ಹಾಗಾಗಿ ಆಕ್ಸಿಜನ್ ಮೇಲಿರುವ ಆಸ್ತಮಾ ರೋಗಿಯ ಸ್ಯಾಚುರೇಶನ್ ನೋಡಿ "ಚೆನ್ನಾಗಿದೆ" ಅನ್ನುವ ಮಾತಿಗೇ ನನ್ನ ತಕರಾರು. ಆಕ್ಸಿಜನ್ ಸಾಕಾಗಿದೆ ಅಷ್ಟೇ. ಉಸಿರಾಟ ಸಾಕಾಗಿದೆಯಾ ಅನ್ನುವುದು ಬೇರೆ ಪ್ರಶ್ನೆ.

ಇನ್ನು ಆ 42. ನನ್ನನ್ನು ನಿಜವಾಗಿ ಕೆಡವಿದ್ದು ಇದು. ನಿಮಿಷಕ್ಕೆ 36 ಸಲ ಉಸಿರಾಡುವವನು ಕಾರ್ಬನ್ ಡೈಆಕ್ಸೈಡನ್ನು ಜಾಸ್ತಿಯೇ ಹೊರಹಾಕುತ್ತಾನೆ. ಆಸ್ತಮಾ ಅಟ್ಯಾಕ್‌ನ ಶುರುವಿನಲ್ಲಿ ಅದು 30ರ ಆಸುಪಾಸಿಗೆ ಇಳಿದಿರಬೇಕು. ಅಷ್ಟೆಲ್ಲ ಒದ್ದಾಡಿಯೂ 42 ಬಂತೆಂದರೆ ಅವನು ಹಾಕುತ್ತಿರುವ ಶ್ರಮಕ್ಕೆ ಗಾಳಿ ಸಿಗುತ್ತಿಲ್ಲ, ಅಂಕಿ ಕೆಳಗಿನಿಂದ ಮೇಲಕ್ಕೆ ಹೊರಟಿದೆ, ನಾವು ಅದನ್ನು ದಾರಿ ಮಧ್ಯೆ ಹಿಡಿದಿದ್ದೇವೆ ಅಂತ ಅರ್ಥ. ಅದಕ್ಕೇ ತೀವ್ರ ಆಸ್ತಮಾದಲ್ಲಿ ನಾರ್ಮಲ್ ಕಾರ್ಬನ್ ಡೈಆಕ್ಸೈಡನ್ನು ಪ್ರಾಣಾಪಾಯದ ಲಕ್ಷಣಗಳ ಪಟ್ಟಿಯಲ್ಲಿ ಇಟ್ಟಿರುವುದು. 45 ದಾಟಿತೆಂದರೆ ಸಾವಿನ ಅಂಚು. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾದವನು ನಾನು. ಕೈಯಲ್ಲಿ ಚೀಟಿ ಹಿಡಿದಾಗ ಕಂಡದ್ದು ಮಾತ್ರ ಪಕ್ಕದಲ್ಲಿ ಅಚ್ಚಾಗಿದ್ದ ನಾರ್ಮಲ್ ಶ್ರೇಣಿ.

ಉಸಿರಿನ ಎಣಿಕೆ ಇಳಿದದ್ದೂ ಹಾಗೆಯೇ. ಬೆಟ್ಟ ಹತ್ತುವವನ ಹೆಜ್ಜೆ ನಿಧಾನವಾದರೆ ತುದಿ ಬಂತು ಅಂತಲ್ಲ, ಕಾಲು ಸೋತಿರಬಹುದು. ಸುಯ್‌ಗುಟ್ಟುವ ಸದ್ದಿಗೂ ಗಾಳಿಯ ಓಟ ಬೇಕು. ಗಾಳಿ ತೀರಾ ಕಡಿಮೆಯಾದರೆ ಸದ್ದೂ ಅಡಗುತ್ತದೆ. ನಾನು ಸದ್ದು ಕಡಿಮೆಯಾಗಿದೆ ಅಂತ ಬರೆದುಕೊಂಡೆ. ಬೆನ್ನಿನ ಕೆಳಭಾಗದಲ್ಲಿ ಉಸಿರಿನ ಸದ್ದಾದರೂ ಕೇಳುತ್ತಿದೆಯಾ ಅಂತ ಕಿವಿಗೊಡಲಿಲ್ಲ.

ಹಾಗಾದರೆ ಸುಧಾರಿಸಿದವನಿಗೂ ಸೋತವನಿಗೂ ವ್ಯತ್ಯಾಸ ಹೇಗೆ ತಿಳಿಯುವುದು? ಮಾತಾಡಿಸಿ. ಸುಧಾರಿಸಿದವನ ಉಸಿರೂ ನಿಧಾನವಾಗುತ್ತದೆ, ಸದ್ದೂ ಕಡಿಮೆಯಾಗುತ್ತದೆ, ಆದರೆ ಮಾತು ಹೆಚ್ಚುತ್ತದೆ. ಪದದಿಂದ ವಾಕ್ಯಕ್ಕೆ ಬರುತ್ತಾನೆ, ನೀರು ಕೇಳುತ್ತಾನೆ, ಮನೆಗೆ ಯಾವಾಗ ಅಂತ ತಲೆ ತಿನ್ನುತ್ತಾನೆ. ಸೋತವನ ಮಾತು ಇನ್ನೂ ಇಳಿಯುತ್ತದೆ, ಆಮೇಲೆ ಬರೀ ತಲೆ ಆಡಿಸುತ್ತಾನೆ. ಊದಲು ಆಗುವವರಿಗೆ ಪೀಕ್ ಫ್ಲೋ ಮೀಟರ್ ಕೊಡಿ. ಅವರ ಮಾಮೂಲಿ ಅಳತೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಬಂದರೆ ಮಾನಿಟರ್ ಏನೇ ಹೇಳಲಿ, ನಂಬಬೇಡಿ.

ಇವನು ಮಾತಾಡುತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಕೂಗಿದರು, "ಡಾಕ್ಟ್ರೇ, ಇವ್ನು ಮಲಗೋಕೆ ನೋಡ್ತಿದಾನೆ." ಅವರು ಗಮನಿಸಿದ್ದು ನೂರಕ್ಕೆ ನೂರು ಸರಿ. ದಮ್ಮು ಜೋರಿರುವವನಿಗೆ ಮಲಗಲು ಆಗುವುದಿಲ್ಲ. ಅಂಥವನು ಅಡ್ಡಾದ ಅಂದರೆ ಕೂರುವ ಶಕ್ತಿಯೂ ಮುಗಿದಿದೆ. ಹೋಗಿ ನೋಡಿದರೆ ಮೈಯೆಲ್ಲ ಬೆವರು, ಕರೆದರೆ ಅರ್ಧ ಕಣ್ಣು ಬಿಟ್ಟು ಮುಚ್ಚುತ್ತಿದ್ದ. ಎದೆ ಏಳುವಾಗ ಹೊಟ್ಟೆ ಒಳಗೆ ಹೋಗುತ್ತಿತ್ತು, ಅಂದರೆ ವಪೆ ಸೋತಿತ್ತು. ಅಷ್ಟು ಹೊತ್ತೂ 130ರ ಹತ್ತಿರ ಓಡುತ್ತಿದ್ದ ನಾಡಿ ನನ್ನ ಕಣ್ಣೆದುರೇ 60ಕ್ಕೆ ಇಳಿಯಿತು. ಮಂಪರು, ಎದೆ ಹೊಟ್ಟೆಯ ತಾಳ ತಪ್ಪುವುದು, ಎದೆ ಮೌನವಾಗುವುದು, ನಾಡಿ ನಿಧಾನವಾಗುವುದು. ಉಸಿರು ನಿಲ್ಲುವ ಮುನ್ನಿನ ಲಕ್ಷಣ ಇವು. ಇನ್ನೊಂದು ನೆಬ್ಯುಲೈಸೇಶನ್ ಕೊಟ್ಟು ನೋಡುವ ಹೊತ್ತಲ್ಲ.

ಉಸಿರು ನಿಂತಿತು. ಟ್ಯೂಬ್ ಹಾಕಿದೆ, ಗಾಬರಿಯಲ್ಲಿ ಬ್ಯಾಗನ್ನು ಬಿಡದೆ ಒತ್ತಿದೆ. ಬಿಪಿ ಸಿಗಲಿಲ್ಲ. ಓಡಿ ಬಂದ ಅನಸ್ತೇಶಿಯಾ ಸೀನಿಯರ್ ಮಾಡಿದ ಮೊದಲ ಕೆಲಸ ಬ್ಯಾಗನ್ನು ಟ್ಯೂಬಿನಿಂದ ಬಿಡಿಸಿ ಎದೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿದ್ದು. ಸುಮಾರು ಹೊತ್ತು ಗಾಳಿ ಹೊರಬಂತು, ಬಿಪಿ ಮರಳಿತು. ಆಸ್ತಮಾದಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದು ಕಷ್ಟ. ಹಿಂದಿನ ಉಸಿರು ಬಿಡುವ ಮೊದಲೇ ಮುಂದಿನದನ್ನು ತುಂಬಿದರೆ ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ರಕ್ತ ವಾಪಸ್ ಬರುವುದೇ ನಿಲ್ಲುತ್ತದೆ. ನಿಮಿಷಕ್ಕೆ 6ರಿಂದ 10 ಉಸಿರು ಸಾಕು, ಹೊರಬಿಡಲು ಉದ್ದ ಸಮಯ ಕೊಡಬೇಕು. ಬ್ಯಾಗ್ ಬಿಡಿಸಿದರೂ ಬಿಪಿ ಬರದಿದ್ದರೆ ಶ್ವಾಸಕೋಶ ಒಡೆದು ಎದೆಗೂಡಿನಲ್ಲಿ ಗಾಳಿ ತುಂಬಿದೆಯಾ ಅಂತ ಆ ಕ್ಷಣವೇ ನೋಡಬೇಕು.

ಹುಡುಗ ಬದುಕಿದ. ಆದರೆ ವೆಂಟಿಲೇಟರ್, ಸ್ನಾಯು ಸಡಿಲಿಸುವ ಔಷಧ, ಸ್ಟಿರಾಯ್ಡ್ ಎಲ್ಲ ಸೇರಿ ಕೈಕಾಲಿನ ಬಲ ಕುಗ್ಗಿಹೋಯಿತು. ಮತ್ತೆ ನಡೆಯಲು ವಾರಗಟ್ಟಲೆ ಹಿಡಿಯಿತು. ಅವನ ಅಕ್ಕ ಐಸಿಯು ಹೊರಗೆ ನನ್ನನ್ನು ನಿಲ್ಲಿಸಿ, "ಸುಧಾರಿಸ್ತಿದಾನೆ ಅಂದಿದ್ರಲ್ಲ ಡಾಕ್ಟ್ರೇ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನಿಮ್ಮ ಮೆಗ್ನೀಷಿಯಂ. ದೊಡ್ಡವರಿಗೆ ಮೆಗ್ನೀಷಿಯಂ ಸಲ್ಫೇಟ್ 2 ಗ್ರಾಂ, ಒಂದೇ ಸಲ, 20 ನಿಮಿಷದಲ್ಲಿ. 50% ಆಂಪ್ಯೂಲ್ ಆದರೆ 4 ಮಿಲಿ ತೆಗೆದು 100 ಮಿಲಿ ಸಲೈನ್‌ಗೆ ಸೇರಿಸಿ. ನೇರವಾಗಿ ತಳ್ಳಿದರೆ ಬಿಪಿ ಬೀಳುತ್ತದೆ. ಮೈ ಬಿಸಿಯಾದಂತೆ ಅನಿಸಿದರೆ ಹೆದರಬೇಡ ಅಂತ ರೋಗಿಗೆ ಮೊದಲೇ ಹೇಳಿ. ಬಿಪಿ ಮೊದಲೇ ಕಡಿಮೆ ಇದ್ದವರಲ್ಲಿ, ಕಿಡ್ನಿ ತೊಂದರೆ ಇರುವವರಲ್ಲಿ ಎಚ್ಚರ ಬೇಕು. ಕ್ಯಾಲ್ಸಿಯಂ ಒಳನುಗ್ಗುವುದನ್ನು ತಡೆದು ಶ್ವಾಸನಾಳದ ಸ್ನಾಯುವನ್ನು ಸಡಿಲಿಸುವುದು ಅದರ ಕೆಲಸ. ಅದು ಓಡುತ್ತಿರುವಾಗಲೂ ಸಾಲ್ಬುಟಮಾಲ್ ನಿಲ್ಲಿಸಬೇಡಿ.

ಆದರೂ ಆ ರಾತ್ರಿ ಮೆಗ್ನೀಷಿಯಂ ಹಾಕಿದ್ದರೆ ಎಲ್ಲ ತಪ್ಪುತ್ತಿತ್ತು ಅಂತ ನಾನು ಹೇಳುವುದಿಲ್ಲ. ಅಷ್ಟು ಶಕ್ತಿ ಅದಕ್ಕಿಲ್ಲ, ಕೆಲವರಿಗೆ ಉಪಯೋಗ ಕಾಣುವುದೇ ಇಲ್ಲ. ನಿಜವಾಗಿ ತಪ್ಪುತ್ತಿದ್ದದ್ದು 42 ಕಂಡ ಕೂಡಲೇ ಅನಸ್ತೇಶಿಯಾ ಸೀನಿಯರ್‌ಗೆ ಫೋನ್ ಮಾಡಿದ್ದರೆ. ಉಸಿರು ನಿಂತ ಮೇಲೆ ಗಾಬರಿಯಲ್ಲಿ ಹಾಕುವ ಟ್ಯೂಬೇ ಬೇರೆ. ಕೆಟಮಿನ್ ತಯಾರಿಟ್ಟುಕೊಂಡು, ಸಲೈನ್ ಓಡಿಸಿ, ಪಳಗಿದ ಕೈಯಿಂದ ಹಾಕಿಸುವ ಟ್ಯೂಬೇ ಬೇರೆ. ಹಾಗಾಗಿ ಮೂರು ನೆಬ್ಯುಲೈಸೇಶನ್ ಮುಗಿದೂ ವಾಕ್ಯ ಬಾರದಿದ್ದರೆ ಒಂದು ಕೈಯಲ್ಲಿ ಮೆಗ್ನೀಷಿಯಂ, ಇನ್ನೊಂದರಲ್ಲಿ ಫೋನ್. ಆ 20 ನಿಮಿಷ ಮಂಚದ ಪಕ್ಕದಲ್ಲೇ ನಿಂತಿರಿ, ಮುಗಿದ ಮೇಲೆ ಬ್ಲಡ್ ಗ್ಯಾಸ್ ಮತ್ತೆ ಮಾಡಿಸಿ.

ನಡುವೆ ಯಾರಾದರೂ ಅಮಿನೋಫಿಲಿನ್ ನೆನಪಿಸಿದರೆ ನಾನಂತೂ ಬೇಡ ಅನ್ನುತ್ತೇನೆ. ಸಾಲ್ಬುಟಮಾಲ್ ಮೇಲೆ ಅದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ, ವಾಂತಿ ಮತ್ತು ಹೃದಯದ ತಾಳ ತಪ್ಪುವುದು ಜಾಸ್ತಿ. ರೋಗಿ ಮಾಸ್ಕ್ ಕಿತ್ತೆಸೆದು ರಂಪ ಮಾಡುತ್ತಿದ್ದಾನೆ, ಸ್ವಲ್ಪ ನಿದ್ದೆ ಇಂಜೆಕ್ಷನ್ ಕೊಡೋಣ ಅಂದರೆ ಇನ್ನೂ ಜೋರಾಗಿ ಬೇಡ ಅನ್ನಿ. ಗಾಳಿ ಸಿಗದವನು ಹಾಗೇ ಆಡುವುದು. ಅವನಿಗೆ ನಿದ್ದೆ ಇಂಜೆಕ್ಷನ್ ಕೊಟ್ಟರೆ ಉಳಿದಿರುವ ಉಸಿರನ್ನೂ ನಾವೇ ನಿಲ್ಲಿಸಿದಂತೆ.