‘ಬಾಕಿ ಬಾಡಿಗೆ’ ಎಂಬ ಒಂದು ಪದದಿಂದ ಹೋದ 36,000 ರೂಪಾಯಿ

ಪ್ರಶ್ನೆ: ಅಪ್ಪ ಹಿಡಿದಿರುವ ಅಂಗಡಿಯ ಬಾಡಿಗೆ ಕರಾರು ಇಂಗ್ಲಿಷಿನಲ್ಲಿದೆ. ಮೊಬೈಲಿನಲ್ಲಿ ತೆಗೆದ ಫೋಟೊಗಳಿವೆ. ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ಕಾನೂನಿನ ಪದಗಳ ಬದಲು ಅವರಿಗೆ ಅರ್ಥವಾಗುವ ಮನೆಮಾತಿನ ಪದಗಳನ್ನೇ ಹಾಕಬಹುದಲ್ಲವೇ?

ಉತ್ತರ:

ಹಾಕಬೇಡಿ. ಆರು ವರ್ಷಗಳ ಹಿಂದೆ ನಾನು ಇದೇ ಕೆಲಸವನ್ನು ಇದೇ ಸದುದ್ದೇಶದಿಂದ ನನ್ನ ಚಿಕ್ಕಪ್ಪನಿಗೆ ಮಾಡಿಕೊಟ್ಟೆ. ಅವರು ಬೆಂಗಳೂರಿನಲ್ಲಿ ಟೈಲರಿಂಗ್ ಅಂಗಡಿಗೆಂದು ಒಂದು ಮಳಿಗೆ ಹಿಡಿದಿದ್ದರು. ತಿಂಗಳಿಗೆ 12,000 ರೂಪಾಯಿ ಬಾಡಿಗೆ, 1,20,000 ರೂಪಾಯಿ ಠೇವಣಿ, ಎಲ್ಲರೂ ಮಾಡಿಸುವಂತೆ 11 ತಿಂಗಳ ಕರಾರು. ಸಹಿ ಹಾಕುವ ಹಿಂದಿನ ರಾತ್ರಿ ಅವರು ನಾಲ್ಕು ಪುಟಗಳ ಫೋಟೊ ಕಳುಹಿಸಿ, ‘ಏನಿದೆ ನೋಡಿ ಬರೆದು ಕಳಿಸಪ್ಪ’ ಎಂದರು.

ಮೂರನೆಯ ಪುಟದಲ್ಲಿ ಲಾಕ್-ಇನ್ ಷರತ್ತು ಇತ್ತು. ಮೊದಲ ಎಂಟು ತಿಂಗಳೊಳಗೆ ಬಾಡಿಗೆದಾರರು ಕರಾರನ್ನು ಕೊನೆಗೊಳಿಸಿದರೆ ‘ರೆಂಟ್ ಫಾರ್ ದಿ ಅನ್‌ಎಕ್ಸ್‌ಪೈರ್ಡ್ ಪೋರ್ಷನ್ ಆಫ್ ದಿ ಲಾಕ್-ಇನ್ ಪೀರಿಯಡ್’, ಅಂದರೆ ಆ ಎಂಟು ತಿಂಗಳಲ್ಲಿ ಇನ್ನೂ ಮುಗಿಯದೆ ಉಳಿದ ಭಾಗದ ಬಾಡಿಗೆ, ಕೊಡತಕ್ಕದ್ದು, ಅದನ್ನು ಮಾಲೀಕರು ಠೇವಣಿಯಲ್ಲಿ ಹೊಂದಿಸಿಕೊಳ್ಳಬಹುದು ಎಂಬುದು ಅದರ ಸಾರ. ಆದರೆ ಸ್ಟೇಪಲ್ ಹಾಕಿದ ಎಡ ಅಂಚು ಫೋಟೊದಲ್ಲಿ ಮಡಿಚಿಕೊಂಡು ನೆರಳಿನಲ್ಲಿತ್ತು, ಮತ್ತು ಆ ಪದ ಸಾಲಿನ ಆರಂಭದಲ್ಲಿಯೇ ಬಿದ್ದಿತ್ತು. ‘ಅನ್’ ಎಂಬ ಎರಡು ಅಕ್ಷರಗಳು ಮಡಿಕೆಯೊಳಗೆ ಹೋಗಿ ನನಗೆ ಕಂಡದ್ದು ‘ಎಕ್ಸ್‌ಪೈರ್ಡ್’ ಮಾತ್ರ. ಮುಗಿದುಹೋದ ಅವಧಿಗೆ ಬಾಡಿಗೆ ಕೊಡುವುದೆಂದರೆ ಏನು ಎಂದು ಕ್ಷಣಕಾಲ ಅನುಮಾನ ಬಂದಿತು. ಕೊಡದೆ ಉಳಿಸಿಕೊಂಡ ಬಾಡಿಗೆ ಇರಬೇಕು ಎಂದುಕೊಂಡು ಹೀಗೆ ಬರೆದೆ: ‘ಎಂಟು ತಿಂಗಳಿಗೆ ಮುಂಚೆ ಬಿಟ್ಟರೆ ಬಾಕಿ ಬಾಡಿಗೆ ಕಟ್ಟಬೇಕು.’

ತಪ್ಪು ನಿಖರವಾಗಿ ಎಲ್ಲಿ ಆಯಿತೆಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದನ್ನು ಕೇವಲ ಮಸುಕಾದ ಫೋಟೊದ ಮೇಲೆ ಹಾಕಿ ನಾನು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ. ‘ಬಾಕಿ’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳಿವೆ. ‘ಬಾಕಿ ಕೆಲಸ’ ಎಂದರೆ ಇನ್ನು ಮುಂದೆ ಆಗಬೇಕಾದದ್ದು; ‘ಬಾಕಿ ಹಣ’ ಎಂದರೆ ಹಿಂದಿನಿಂದ ಕೊಡದೆ ಉಳಿದದ್ದು. ಬಾಡಿಗೆಯ ವಿಷಯದಲ್ಲಿ ‘ಬಾಕಿ’ ಎಂದರೆ ಯಾರಿಗಾದರೂ ತೋಚುವುದು ಎರಡನೆಯ ಅರ್ಥವೇ. ಮೂಲದಲ್ಲಿ ಇದ್ದದ್ದು ಇನ್ನೂ ಬಾರದಿರುವ ತಿಂಗಳುಗಳ ಬಾಡಿಗೆ, ಅಂದರೆ ಮಳಿಗೆಯಲ್ಲಿ ಇಲ್ಲದ ಕಾಲಕ್ಕೂ ಕೊಡಬೇಕಾದ ಹಣ. ನನಗೆ ಅನುಮಾನವಿದ್ದ ಜಾಗದಲ್ಲಿ ಎರಡು ಅರ್ಥಗಳಿಗೂ ಒಗ್ಗುವ ಸಡಿಲವಾದ ಪದವೊಂದು ಕೈಗೆ ಸಿಕ್ಕಿತು, ನಾನು ಅದರ ಹಿಂದೆ ಅನುಮಾನವನ್ನು ಮುಚ್ಚಿಟ್ಟೆ. ಅಲ್ಲಿ ‘ಅವಸಾನವಾಗದ ಅವಧಿ’ ಎಂಬ ಬಿಗಿಯಾದ ಪದವನ್ನೋ ‘ಅವಸಾನವಾದ ಅವಧಿ’ ಎಂಬುದನ್ನೋ ಬರೆಯಲೇಬೇಕೆಂಬ ನಿಯಮವನ್ನು ನಾನು ಹಾಕಿಕೊಂಡಿದ್ದರೆ ಯಾವುದೆಂದು ತೀರ್ಮಾನಿಸಲಾಗದೆ ಆ ಪುಟದ ಫೋಟೊವನ್ನು ಮತ್ತೊಮ್ಮೆ ಕೇಳುತ್ತಿದ್ದೆ.

ಐದು ತಿಂಗಳು ಕಳೆದ ಮೇಲೆ ಊರಿನಲ್ಲಿ ಅಜ್ಜನಿಗೆ ಕಾಯಿಲೆಯಾಗಿ ಚಿಕ್ಕಪ್ಪ ಅಂಗಡಿ ಬಿಡಬೇಕಾಯಿತು. ಕರಾರಿನಂತೆ ಒಂದು ತಿಂಗಳ ನೋಟಿಸನ್ನು ಮೊದಲೇ ಕೊಟ್ಟಿದ್ದರು. ಠೇವಣಿ ವಾಪಸ್ ಕೇಳಿದಾಗ ಮಾಲೀಕರು ಉಳಿದ ಮೂರು ತಿಂಗಳ 36,000 ರೂಪಾಯಿ ಮುರಿದುಕೊಂಡು 84,000 ಕೊಟ್ಟರು. ‘ನೀನು ಬರೆದದ್ದರಲ್ಲಿ ಬಾಕಿ ಅಂತಿತ್ತಲ್ಲಪ್ಪ, ನಾನು ಒಂದು ತಿಂಗಳೂ ಬಾಕಿ ಇಟ್ಟಿಲ್ಲ’ ಎಂದು ಚಿಕ್ಕಪ್ಪ ನನ್ನನ್ನು ಕೇಳಿದರು. ಅವರು ಓದಿದ್ದು ಸರಿಯಾಗಿಯೇ ಇತ್ತು.

ಅನಂತರ ಕಂಡ ವಕೀಲರು, ಭಾರತೀಯ ಕರಾರು ಅಧಿನಿಯಮ 1872ರ 74ನೇ ಪ್ರಕರಣದಂತೆ ಕರಾರು ಮುರಿದರೆ ಕೊಡಬೇಕೆಂದು ಅದರಲ್ಲಿ ಮೊದಲೇ ನಮೂದಿಸಿದ ಮೊತ್ತವು ಗರಿಷ್ಠ ಮಿತಿಯೇ ಹೊರತು ನ್ಯಾಯಾಲಯ ಅದರೊಳಗೆ ಸಮಂಜಸವಾದ ಪರಿಹಾರವನ್ನು ಮಾತ್ರ ಕೊಡಿಸುತ್ತದೆ, ಆದ್ದರಿಂದ ವಾದಿಸಲು ಅವಕಾಶವಿದೆ ಎಂದರು. ಚಿಕ್ಕಪ್ಪನಿಗೆ ಕೋರ್ಟು ಅಲೆಯುವುದು ಬೇಡವಾಗಿತ್ತು. ಆದರೆ ಸಹಿ ಹಾಕುವ ಮುನ್ನ ಆ ಸಾಲಿನ ಭಾರ ಅವರಿಗೆ ಗೊತ್ತಾಗಿದ್ದರೆ, ಎಂಟು ತಿಂಗಳನ್ನು ಮೂರಕ್ಕೆ ಇಳಿಸಿಕೊಡಿ ಎಂದು ಕೇಳುವ ಅವಕಾಶ ಅವರ ಕೈಯಲ್ಲಿಯೇ ಇತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯ ಮೂಲದಲ್ಲಿರುವ ಊಹೆಯನ್ನೇ ನಾನು ಒಪ್ಪುವುದಿಲ್ಲ. ಮನೆಮಾತಿನ ಪದ ಅಪ್ಪನಿಗೆ ಬೇಗ ಅರ್ಥವಾಗುತ್ತದೆ, ನಿಜ. ಆದರೆ ಅರ್ಥವಾಗುವುದು ಆ ಪದವೇ ಹೊರತು ಕರಾರು ಅಲ್ಲ. ಬೆಂಗಳೂರಿನಲ್ಲಿ ‘ಲೀಸ್’ ಎಂದರೆ ಜನ ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವ ಭೋಗ್ಯ ಎಂದು ತಿಳಿಯುತ್ತಾರೆ. ಸ್ವತ್ತು ವರ್ಗಾವಣೆ ಅಧಿನಿಯಮ 1882ರ 105ನೇ ಪ್ರಕರಣದ ‘ಲೀಸ್’ ಎಂದರೆ ಪ್ರತಿಫಲಕ್ಕೆ ಬದಲಾಗಿ ಸ್ಥಿರಾಸ್ತಿಯನ್ನು ಅನುಭವಿಸುವ ಹಕ್ಕಿನ ವರ್ಗಾವಣೆ, ಕನ್ನಡದಲ್ಲಿ ಗುತ್ತಿಗೆ. ತಿಂಗಳ ಬಾಡಿಗೆಯ ಮಳಿಗೆಯೂ ಅದರಲ್ಲಿ ಸೇರುತ್ತದೆ. ಹಾಗೆಯೇ ನಾವೆಲ್ಲ ‘ಅಡ್ವಾನ್ಸ್’ ಎನ್ನುವುದು ಕರಾರಿನಲ್ಲಿ ಬಹಳ ಸಲ ಭದ್ರತಾ ಠೇವಣಿಯಾಗಿರುತ್ತದೆ. ಮುಂಗಡ ಬಾಡಿಗೆಯಾದರೆ ಮುಂದಿನ ತಿಂಗಳಿಗೆ ತಾನಾಗಿಯೇ ಸಲ್ಲುತ್ತದೆ, ಠೇವಣಿ ಹಾಗೆ ಸಲ್ಲುವುದಿಲ್ಲ. ಅದನ್ನು ‘ಅಡ್ವಾನ್ಸ್’ ಎಂದು ಬರೆದರೆ, ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅದರಲ್ಲಿಯೇ ಮುರಿದುಕೊಳ್ಳಲಿ ಎಂದು ನಿಮ್ಮ ಅಪ್ಪ ಸುಮ್ಮನಿರಬಹುದು, ಆಗ ಅವರು ನಿಜವಾಗಿಯೇ ಬಾಕಿದಾರರಾಗುತ್ತಾರೆ.

ಇನ್ನೊಂದು ಪದವನ್ನು ಹೇಳಲೇಬೇಕು. ‘ಡಿಟರ್ಮಿನ್’ ಎಂದು ಕಂಡ ಕೂಡಲೇ ‘ನಿರ್ಧರಿಸು’ ಎಂದು ಬರೆಯಬೇಡಿ. ಅದೇ ಅಧಿನಿಯಮದ 111ನೇ ಪ್ರಕರಣದಲ್ಲಿ ಆ ಪದಕ್ಕೆ ಗುತ್ತಿಗೆ ಕೊನೆಗೊಳ್ಳುವುದು ಎಂಬ ಅರ್ಥವಿದೆ.

ಈಗ ನಾನು ಮಾಡುವ ಕ್ರಮ ಹೀಗಿದೆ. ಮೊದಲು ಕಾಗದಗಳನ್ನು ಸಮತಟ್ಟಾಗಿ ಹರಡಿಸಿ, ನಾಲ್ಕೂ ಅಂಚುಗಳು ಕಾಣುವಂತೆ, ಛಾಪಾ ಕಾಗದದ ಹಿಂಬದಿ ಮತ್ತು ಕೊನೆಯ ಷೆಡ್ಯೂಲ್ ಸಹಿತ ಹಗಲು ಬೆಳಕಿನಲ್ಲಿ ಫೋಟೊ ತೆಗೆಸುತ್ತೇನೆ. ಅನುವಾದ ಆರಂಭಿಸುವ ಮುನ್ನ ಇಂಗ್ಲಿಷ್ ಪಠ್ಯವನ್ನೇ ಅಕ್ಷರಶಃ ಟೈಪ್ ಮಾಡಿಕೊಳ್ಳುತ್ತೇನೆ. ಊಹೆಗೆ ಎಡೆಯಿರುವ ಪ್ರತಿ ಜಾಗದಲ್ಲಿ [ಅಸ್ಪಷ್ಟ] ಎಂದು ಹಾಕಿ, ಮೂಲ ಕಾಗದ ಇರುವವರಿಗೆ ಫೋನ್ ಮಾಡಿ ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಓದಿಸಿಕೊಳ್ಳುತ್ತೇನೆ. ನನ್ನ ಚಿಕ್ಕಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಅಕ್ಷರಗಳನ್ನು ಗುರುತಿಸಬಲ್ಲರು. ಅವರು ಆ ರಾತ್ರಿ ‘ಯು, ಎನ್’ ಎಂದು ಓದಿ ಹೇಳಿದ್ದರೆ ಸಾಕಾಗುತ್ತಿತ್ತು.

ಅನುವಾದದಲ್ಲಿ ಕಡ್ಡಾಯವಾದದ್ದಕ್ಕೆ ‘ತಕ್ಕದ್ದು’, ಆಯ್ಕೆಗೆ ಬಿಟ್ಟದ್ದಕ್ಕೆ ‘ಬಹುದು’ ಎಂದೇ ಬರೆಯುತ್ತೇನೆ. ಎರಡನ್ನೂ ‘ಬೇಕು’ ಎಂದು ಬೆರೆಸುವುದಿಲ್ಲ. ತಿಳಿವಳಿಕೆಗೆ ಬೇಕಾದ ಮನೆಮಾತನ್ನು ಷರತ್ತಿನೊಳಗೆ ತರದೆ, ಅದರ ಕೆಳಗೆ ‘ವಿವರಣೆ’ ಎಂಬ ಬೇರೆ ಪ್ಯಾರಾದಲ್ಲಿ ಮೊತ್ತ ಸಮೇತ ಬರೆಯುತ್ತೇನೆ. ಚಿಕ್ಕಪ್ಪನ ಷರತ್ತನ್ನು ಇಂದು ಹೀಗೆ ಬರೆದುಕೊಡುತ್ತಿದ್ದೆ:

‘ನಿರ್ಬಂಧಿತ ಅವಧಿಯಾದ ಎಂಟು ತಿಂಗಳೊಳಗೆ ಬಾಡಿಗೆದಾರರು ಈ ಕರಾರನ್ನು ಕೊನೆಗೊಳಿಸಿದಲ್ಲಿ, ಸದರಿ ಅವಧಿಯ ಅವಸಾನವಾಗದ ಭಾಗದ ಬಾಡಿಗೆಯನ್ನು ಪಾವತಿಸಲು ಹೊಣೆಗಾರರಾಗಿರತಕ್ಕದ್ದು, ಅದನ್ನು ಮಾಲೀಕರು ಭದ್ರತಾ ಠೇವಣಿಯಲ್ಲಿ ಹೊಂದಿಸಿಕೊಳ್ಳಬಹುದು.

ವಿವರಣೆ: ಐದು ತಿಂಗಳಿಗೆ ಬಿಟ್ಟರೆ, ಅಂಗಡಿಯಲ್ಲಿ ಇಲ್ಲದ ಮುಂದಿನ ಮೂರು ತಿಂಗಳಿಗೂ 36,000 ರೂಪಾಯಿ ಹೋಗುತ್ತದೆ. ಈವರೆಗಿನ ಬಾಡಿಗೆಯನ್ನೆಲ್ಲ ಸರಿಯಾಗಿ ಕಟ್ಟಿದ್ದರೂ ಹೋಗುತ್ತದೆ.’

ಅಪ್ಪ ಇನ್ನೂ ಸಹಿ ಹಾಕಿಲ್ಲವಾದರೆ ಲಾಕ್-ಇನ್ ಇರುವ ಪುಟದಿಂದಲೇ ಆರಂಭಿಸಿ. ಹಾಕಿಯಾಗಿದ್ದರೆ, ಸಹಿಯಾದ ಇಂಗ್ಲಿಷ್ ಪ್ರತಿಯೇ ಅವರನ್ನು ಕಟ್ಟಿಹಾಕುವುದರಿಂದ, ನಿಮ್ಮ ಕನ್ನಡ ಪ್ರತಿಯ ತಲೆಯ ಮೇಲೆ ‘ಓದಿಗಾಗಿ ಮಾತ್ರ, ಮೂಲವೇ ಅಂತಿಮ’ ಎಂದು ಬರೆದು, ನೋಟಿಸ್ ಕೊಡುವ ಮುನ್ನ ಆ ಒಂದು ಪುಟವನ್ನು ವಕೀಲರಿಗೆ ತೋರಿಸಿ.